ಚೋಕ್ ಕಾಯಿಲ್‌ನ ರೋಧ ಮತ್ತು ಇಂಡಕ್ಟನ್ಸ್: ಮೂರು ಮೀಟರುಗಳ ಲೆಕ್ಕ ಎಲ್ಲಿ ತಪ್ಪುತ್ತದೆ?

ಪ್ರಶ್ನೆ: ಸರ್, ನಾ ಹಾವೇರಿಯವ ರೀ, ಇಲೆಕ್ಟ್ರಿಕಲ್ ಡಿಪ್ಲೊಮಾ ಎರಡನೇ ವರ್ಷ ಓದಾಕತ್ತೀನಿ. ಲ್ಯಾಬಿನಾಗ ಕಬ್ಬಿಣದ ಕೋರ್ ಇರೋ ಚೋಕ್ ಕಾಯಿಲಿಗೆ ವ್ಯಾಟ್‌ಮೀಟರ್, ವೋಲ್ಟ್‌ಮೀಟರ್, ಅಮ್ಮೀಟರ್ ಹಚ್ಚಿ ರೀಡಿಂಗ್ ತಗೊಂಡ್ವಿ. 200 ವೋಲ್ಟ್, 2.5 ಆಂಪಿಯರ್ ಬಂತು. ವ್ಯಾಟ್‌ಮೀಟರ್ ಸೂಜಿ 125 ಗೆರೆಯೊಳಗ 60ಕ್ಕ ನಿಂತಿತ್ತು; ರೇಂಜ್ 250 ವೋಲ್ಟ್, 5 ಆಂಪಿಯರ್. ಒಂದು ಗೆರೆಗೆ 10 ವ್ಯಾಟ್ ಅಂತ ಹಿಡಿದು 600 ವ್ಯಾಟ್ ಬರದ್ವಿ. R 96 ಓಮ್ ಬಂತು, Z 80 ಓಮ್ ಬಂತು. ವರ್ಗಮೂಲದ ಒಳಗ ಮೈನಸ್ ಬಂದು ಲೆಕ್ಕ ಅಲ್ಲೇ ನಿಂತೈತಿ. ಮಲ್ಟಿಮೀಟರಿನಾಗ ನೋಡಿದ್ರ ಅದ ಕಾಯಿಲ್ ಬರೇ 12 ಓಮ್ ತೋರಸ್ತದ. ಯಾವುದು ಖರೇ? ಇದ ರೀತಿ ನಮ್ಮ ಕಾಕಾನ ರಿವೈಂಡಿಂಗ್ ಅಂಗಡ್ಯಾಗಿನ ಸಿಂಗಲ್ ಫೇಸ್ ಮೋಟಾರಿಗೂ R, L ತಗೀಬಹುದೇನ್ರಿ?

ಉತ್ತರ: ತಮ್ಮಾ, ವರ್ಗಮೂಲಕ್ಕೆ ಹೋಗುವ ಮೊದಲೇ ನಿನ್ನ ರೀಡಿಂಗುಗಳು ಒಂದಕ್ಕೊಂದು ಹೊಂದುತ್ತಿಲ್ಲವೆಂದು ಗೊತ್ತಾಗಬೇಕಿತ್ತು. 200 ವೋಲ್ಟನ್ನು 2.5 ಆಂಪಿಯರಿನಿಂದ ಗುಣಿಸಿದರೆ 500 ವೋಲ್ಟ್-ಆಂಪಿಯರ್. ಯಾವ ಲೋಡ್ ಆದರೂ ಇದಕ್ಕಿಂತ ಹೆಚ್ಚು ವ್ಯಾಟ್ ತೆಗೆದುಕೊಳ್ಳಲಾರದು, ಏಕೆಂದರೆ ಪವರ್ ಫ್ಯಾಕ್ಟರ್ 1ನ್ನು ದಾಟುವುದಿಲ್ಲ. ನಿನ್ನ 600 ವ್ಯಾಟ್ ಆ ಗಡಿಯನ್ನು ದಾಟಿದೆ. ಹೀಗಾಗಿ ರೀಡಿಂಗ್ ಬರೆದುಕೊಂಡ ಕೂಡಲೇ, ಇನ್ನೂ ಟೇಬಲ್ ಬಿಟ್ಟೇಳುವ ಮೊದಲೇ, VI ಎಷ್ಟು, W ಎಷ್ಟು ಎಂದು ಪಕ್ಕಪಕ್ಕ ಇಟ್ಟು ನೋಡಬೇಕು. W ಹೆಚ್ಚಿದ್ದರೆ ಲೆಕ್ಕಕ್ಕೆ ಕೂರಬೇಡ, ಮೀಟರಿನ ಹತ್ತಿರ ಹೋಗು.

ಅಲ್ಲಿ ನೋಡಬೇಕಾದದ್ದು ವ್ಯಾಟ್‌ಮೀಟರಿನ ಡಯಲ್ ಮೇಲೆ ಸಣ್ಣ ಅಕ್ಷರದಲ್ಲಿರುವ ಬರಹ. ಚೋಕ್ ಕಾಯಿಲಿನ ಪ್ರಯೋಗಕ್ಕೆ ಲ್ಯಾಬಿನಲ್ಲಿ ಸಾಮಾನ್ಯವಾಗಿ ಕೊಡುವುದು ಲೋ ಪವರ್ ಫ್ಯಾಕ್ಟರ್ ವ್ಯಾಟ್‌ಮೀಟರ್. ಅದರ ಮೇಲೆ cos φ = 0.2 ಎಂದು ಬರೆದಿರುತ್ತದೆ. 250 ವೋಲ್ಟ್, 5 ಆಂಪಿಯರ್, ಪವರ್ ಫ್ಯಾಕ್ಟರ್ 0.2 ಆದಾಗ ಸೂಜಿ ಪೂರ್ತಿ ಕೊನೆಗೆ ಹೋಗುವಂತೆ ಈ ಮೀಟರನ್ನು ಮಾಡಿರುತ್ತಾರೆ. ಹಾಗಾಗಿ 125 ಗೆರೆಗೆ 1250 ವ್ಯಾಟ್ ಅಲ್ಲ, 250 ವ್ಯಾಟ್. ಒಂದು ಗೆರೆಗೆ ಎಷ್ಟು ಎನ್ನುವುದು ಹೀಗೆ:

250 × 5 × 0.2 / 125 = 2

ಒಂದು ಗೆರೆಗೆ 2 ವ್ಯಾಟ್, 60 ಗೆರೆಗೆ 120 ವ್ಯಾಟ್. ನೀವು ಆ 0.2 ಬಿಟ್ಟು ಗುಣಿಸಿದ್ದರಿಂದ ವ್ಯಾಟ್ ಐದು ಪಟ್ಟು ಹೆಚ್ಚಾಯಿತು. ಈ ತಪ್ಪು ನಿನಗೆ ಸಿಕ್ಕಿಬಿದ್ದದ್ದು ಒಳ್ಳೆಯದೇ ಆಯಿತು. ಕಾಯಿಲ್ ಇನ್ನೂ ಕಡಿಮೆ ಪವರ್ ಫ್ಯಾಕ್ಟರಿನದಾಗಿ, ಸೂಜಿ 40ಕ್ಕೆ ನಿಂತಿದ್ದರೆ ನೀವು 400 ವ್ಯಾಟ್ ಎಂದು ಬರೆಯುತ್ತಿದ್ದಿರಿ. ಅದು 500ರ ಒಳಗೇ ಇರುವುದರಿಂದ ವರ್ಗಮೂಲವೂ ತಕರಾರು ಮಾಡುತ್ತಿರಲಿಲ್ಲ, ತಪ್ಪು ಉತ್ತರ ರೆಕಾರ್ಡ್ ಪುಸ್ತಕಕ್ಕೆ ಸದ್ದಿಲ್ಲದೆ ಹೋಗುತ್ತಿತ್ತು. ಆದ್ದರಿಂದ ವೋಲ್ಟೇಜ್ ರೇಂಜ್, ಕರೆಂಟ್ ರೇಂಜ್ ಬರೆದುಕೊಳ್ಳುವ ಸಾಲಿನಲ್ಲೇ ಡಯಲಿನ ಪವರ್ ಫ್ಯಾಕ್ಟರನ್ನೂ ಬರೆದುಕೊ.

ಇನ್ನು ಸರಿಯಾದ ಲೆಕ್ಕ. ಲೋಡನ್ನು ಒಂದು ರೋಧ ಮತ್ತು ಒಂದು ಇಂಡಕ್ಟನ್ಸ್ ಸೀರೀಸಿನಲ್ಲಿ ಇರುವಂತೆ ಭಾವಿಸುತ್ತೇವೆ. ವ್ಯಾಟ್ ಖರ್ಚಾಗುವುದು ರೋಧದಲ್ಲಿ ಮಾತ್ರ. ಇಂಡಕ್ಟನ್ಸ್ ಒಂದು ಕಾಲು ಸೈಕಲ್ಲಿನಲ್ಲಿ ಶಕ್ತಿ ತೆಗೆದುಕೊಂಡು ಮುಂದಿನ ಕಾಲಿನಲ್ಲಿ ಸಪ್ಲೈಗೆ ವಾಪಸ್ ಕೊಡುತ್ತದೆ, ಸರಾಸರಿ ಸೊನ್ನೆ. ಅದಕ್ಕೇ ವ್ಯಾಟನ್ನು ಕರೆಂಟಿನ ವರ್ಗದಿಂದ ಭಾಗಿಸಿದರೆ ನೇರವಾಗಿ ರೋಧ ಸಿಗುತ್ತದೆ.

R = W / I² = 120 / 6.25 = 19.2 ಓಮ್

Z = V / I = 200 / 2.5 = 80 ಓಮ್

X = √(Z² − R²) = √(6400 − 368.6) = 77.7 ಓಮ್

L = X / (2πf) = 77.7 / 314.2 = 0.247 ಹೆನ್ರಿ

ಪವರ್ ಫ್ಯಾಕ್ಟರ್ 120 / 500, ಅಂದರೆ 0.24. ಕಬ್ಬಿಣದ ಕೋರ್ ಇರುವ ಕಾಯಿಲಿಗೆ ಇದು ನಂಬುವಂಥ ಸಂಖ್ಯೆ. f ಅನ್ನು 50 ಹರ್ಟ್ಜ್ ಎಂದು ಹಿಡಿಯುವುದಕ್ಕೆ ಗ್ರಿಡ್ ಸಪ್ಲೈ ಇರುವಾಗ ಅಡ್ಡಿಯಿಲ್ಲ. ನಮ್ಮ ಗ್ರಿಡ್ಡನ್ನು 49.90ರಿಂದ 50.05ರ ನಡುವೆ ಇಡಬೇಕೆಂಬುದು ನಿಯಮ. ಆದರೆ ಕರೆಂಟ್ ಹೋಗಿ ಜನರೇಟರ್ ಮೇಲೆ ಪ್ರಯೋಗ ಮುಂದುವರಿಸಿದರೆ ಮಾತು ಬೇರೆ. ಹಗುರ ಲೋಡಿನಲ್ಲಿ ಡೀಸೆಲ್ ಜನರೇಟರ್ 52 ಹರ್ಟ್ಜ್ ತನಕ ಓಡುವುದುಂಟು. ಆ 4 ಪ್ರತಿಶತ ತಪ್ಪು ಹಾಗೇ L ಮೇಲೆ ಬಂದು ಕೂರುತ್ತದೆ.

ಈಗ ನಿನ್ನ ನಿಜವಾದ ಪ್ರಶ್ನೆಗೆ ಬರೋಣ: 19.2 ಖರೆಯೋ, 12 ಖರೆಯೋ? ಎರಡೂ ಖರೆ, ಆದರೆ ಎರಡೂ ಒಂದೇ ವಸ್ತುವನ್ನು ಅಳೆದಿಲ್ಲ. ಮಲ್ಟಿಮೀಟರ್ ತನ್ನ ಬ್ಯಾಟರಿಯಿಂದ ಚೂರು ಡಿಸಿ ಕಳಿಸಿ, ತಣ್ಣಗಿರುವ ತಾಮ್ರದ ತಂತಿಯ ರೋಧವನ್ನಷ್ಟೇ ಹೇಳುತ್ತದೆ. ವ್ಯಾಟ್‌ಮೀಟರ್ ಆ ಕಾಯಿಲಿನೊಳಗೆ ಶಾಖವಾಗಿ ಹೋಗುವ ಎಲ್ಲ ಶಕ್ತಿಯನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಅದರಲ್ಲಿ ಬಿಸಿಯಾದ ತಾಮ್ರದ ನಷ್ಟವಿದೆ, ಕೋರಿನ ಹಿಸ್ಟೆರಿಸಿಸ್ ಮತ್ತು ಸುಳಿ ಪ್ರವಾಹದ ನಷ್ಟವಿದೆ. ಜೊತೆಗೆ, ಕನೆಕ್ಷನ್ ಹೇಗೆ ಮಾಡಿದ್ದೀರಿ ಎಂಬುದರ ಮೇಲೆ, ಮೀಟರುಗಳು ತಾವೇ ತಿನ್ನುವ ವ್ಯಾಟೂ ಸೇರಿಕೊಂಡಿರಬಹುದು. ಇವುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ 12ರಿಂದ 19.2ರ ತನಕದ ದಾರಿ ಕಾಣುತ್ತದೆ.

ಮೊದಲು ಮೀಟರಿನ ಪಾಲು. ವ್ಯಾಟ್‌ಮೀಟರಿನ ಎಂ, ಎಲ್, ಸಿ, ವಿ ಟರ್ಮಿನಲ್‌ಗಳಲ್ಲಿ ಸಿ ಟರ್ಮಿನಲ್ಲನ್ನು ಎಂ ಜೊತೆ ಜೋಡಿಸಿದ್ದೀರಾ, ಎಲ್ ಜೊತೆಯಾ ನೋಡು. ಎಲ್ ಜೊತೆ ಜೋಡಿಸಿದರೆ ಪ್ರೆಶರ್ ಕಾಯಿಲ್ ಲೋಡಿನ ಬದಿಗೆ ಬರುತ್ತದೆ. ಆಗ ಅದರ ಕರೆಂಟೂ ಕರೆಂಟ್ ಕಾಯಿಲಿನ ಮೂಲಕವೇ ಹರಿದು, ಅದರ ನಷ್ಟ ನಿನ್ನ ರೀಡಿಂಗಿನಲ್ಲಿ ಕೂಡಿಕೊಳ್ಳುತ್ತದೆ. ಪ್ರೆಶರ್ ಸರ್ಕ್ಯೂಟಿನ ರೋಧ 10,000 ಓಮ್ ಇದ್ದರೆ 200 ವೋಲ್ಟಿಗೆ ಆ ನಷ್ಟ 4 ವ್ಯಾಟ್. ದೊಡ್ಡ ಮೋಟಾರಿನ ಲೆಕ್ಕದಲ್ಲಿ ಇದು ಧೂಳಿನಷ್ಟು. ಆದರೆ ಬರೀ 120 ವ್ಯಾಟಿನ ಲೆಕ್ಕದಲ್ಲಿ 3 ಪ್ರತಿಶತಕ್ಕಿಂತ ಹೆಚ್ಚು.

ಒಳ್ಳೆಯ ಲೋ ಪವರ್ ಫ್ಯಾಕ್ಟರ್ ಮೀಟರುಗಳಲ್ಲಿ ಈ ನಷ್ಟವನ್ನು ಒಳಗೇ ಕಳೆದುಬಿಡುವ ಒಂದು ಕಾಂಪೆನ್ಸೇಟಿಂಗ್ ಸುತ್ತು ಇರುತ್ತದೆ. ಇದೆಯೋ ಇಲ್ಲವೋ ಎಂದು ಕೈಪಿಡಿ ಹುಡುಕುವುದಕ್ಕಿಂತ ಸುಲಭದ ಉಪಾಯವಿದೆ. ಸಪ್ಲೈ ಆಫ್ ಮಾಡಿ ಕಾಯಿಲಿನ ಒಂದು ತುದಿ ಬಿಚ್ಚು, ಉಳಿದ ಕನೆಕ್ಷನ್ ಹಾಗೇ ಇರಲಿ. ಡಿಮ್ಮರ್‌ಸ್ಟಾಟನ್ನು ಮತ್ತೆ 200 ವೋಲ್ಟಿಗೆ ತಂದು ಸೂಜಿ ನೋಡು. ಲೋಡ್ ಇಲ್ಲದಿದ್ದರೂ ಸೂಜಿ 2 ಗೆರೆ ಏರಿದರೆ ಆ 4 ವ್ಯಾಟ್ ಮೀಟರುಗಳದ್ದು. ಲೋಡ್ ಬದಿಯಲ್ಲಿ ವೋಲ್ಟ್‌ಮೀಟರ್ ಇದ್ದರೆ ಅದರದ್ದೂ ಇದರಲ್ಲೇ ಬಂತು. ಅಷ್ಟನ್ನು ಕಳೆ. ಸೂಜಿ ಸೊನ್ನೆಯಲ್ಲೇ ಇದ್ದರೆ ಏನೂ ಕಳೆಯಬೇಡ. ಸಿ ಟರ್ಮಿನಲ್ಲನ್ನು ಎಂ ಜೊತೆ ಜೋಡಿಸಿದ್ದರೆ ಈ ಪರೀಕ್ಷೆ ಪ್ರೆಶರ್ ಕಾಯಿಲಿನ ಬಗ್ಗೆ ಏನೂ ಹೇಳುವುದಿಲ್ಲ. ಅಲ್ಲಿ ರೀಡಿಂಗಿಗೆ ಸೇರುವುದು ಕರೆಂಟ್ ಕಾಯಿಲಿನ ರೋಧ. ಅದು 0.2 ಓಮ್ ಇದ್ದರೆ, ಬಂದ Rನಿಂದ 0.2 ಓಮ್ ಕಳೆದರೆ ಮುಗಿಯಿತು.

ನಿನ್ನ ಮೀಟರಿನಲ್ಲಿ 4 ವ್ಯಾಟ್ ಕಳೆಯುವುದಿದೆ ಎಂದಿಟ್ಟುಕೊಳ್ಳೋಣ. ಉಳಿದದ್ದು 116 ವ್ಯಾಟ್, R 18.6 ಓಮ್. ಇನ್ನು ತಾಮ್ರದ ಬಿಸಿ. 25 ಡಿಗ್ರಿಯಲ್ಲಿ 12 ಓಮ್ ಇದ್ದ ತಾಮ್ರದ ಸುತ್ತು 60 ಡಿಗ್ರಿಗೆ ಬಂದಾಗ ಎಷ್ಟಾಗುತ್ತದೆ?

12 × (234.5 + 60) / (234.5 + 25) = 13.6 ಓಮ್

2.5 ಆಂಪಿಯರಿನಲ್ಲಿ ಈ 13.6 ಓಮ್ ತೆಗೆದುಕೊಳ್ಳುವುದು 85 ವ್ಯಾಟ್. 116ರಲ್ಲಿ 85 ಹೋದರೆ ಉಳಿಯುವ ಸುಮಾರು 31 ವ್ಯಾಟ್ ಕೋರಿನದು. ಕೋರಿನಲ್ಲಿ 31 ವ್ಯಾಟಿನ ರೋಧ ಎಂಬ ತಂತಿ ಎಲ್ಲೂ ಇಲ್ಲ. ಆದರೂ ಸಪ್ಲೈ ಕಡೆಯಿಂದ ನೋಡಿದರೆ ಆ ಶಕ್ತಿ ಹೋಗುತ್ತಿರುವುದು ನಿಜ, ಅದಕ್ಕೇ ಅದು 5 ಓಮ್ ಆಗಿ Rನಲ್ಲಿ ಕಾಣಿಸಿಕೊಳ್ಳುತ್ತದೆ. ಈ ಕಾರಣಕ್ಕೆ ರೆಕಾರ್ಡಿನಲ್ಲಿ ಬರೆಯುವಾಗ ಬರೀ ‘ರೋಧ’ ಎನ್ನದೆ ‘50 ಹರ್ಟ್ಜ್, 2.5 ಆಂಪಿಯರಿನಲ್ಲಿ ಪರಿಣಾಮಕಾರಿ ರೋಧ’ ಎಂದು ಬರೆ. ಪರೀಕ್ಷಿಸಿ ನೋಡಬೇಕೆನಿಸಿದರೆ ಕೋರನ್ನು ಹೊರಗೆಳೆಯಲು ಬರುವಂಥ ಕಾಯಿಲ್ ತೆಗೆದುಕೊ. ಕೋರ್ ತೆಗೆದಾಗ W / I² ಮಲ್ಟಿಮೀಟರಿನ ಅಂಕಿಗೆ ತೀರ ಹತ್ತಿರ ಬರುತ್ತದೆ. ಆದರೆ ಇಂಪೀಡನ್ಸ್ ದಿಢೀರ್ ಇಳಿದು ಕರೆಂಟ್ ಏರುವುದರಿಂದ, ಡಿಮ್ಮರ್‌ಸ್ಟಾಟನ್ನು ಸೊನ್ನೆಗೆ ತಂದ ಮೇಲೆಯೇ ಕೋರ್ ಮುಟ್ಟಬೇಕು.

ಪಠ್ಯದಲ್ಲಿ ಎರಡು ಸಾಲೂ ಇರದ, ನನ್ನ ಮಟ್ಟಿಗೆ ಈ ಪ್ರಯೋಗದ ಜೀವಾಳವಾದ ಒಂದು ಸಂಗತಿ ಇದೆ: ಯಾವ ಮೀಟರಿನ ತಪ್ಪು ಯಾವ ಉತ್ತರವನ್ನು ಕೆಡಿಸುತ್ತದೆ ಎಂಬುದು. ನಿನ್ನದೇ ರೀಡಿಂಗುಗಳನ್ನು ಹಿಡಿ. ವ್ಯಾಟ್‌ಮೀಟರ್ 10 ಪ್ರತಿಶತ ಹೆಚ್ಚು ತೋರಿಸಿ 132 ವ್ಯಾಟ್ ಎಂದಿತು ಅನ್ನು. R 21.1 ಓಮ್ ಆಗುತ್ತದೆ, ಪೂರ್ತಿ 10 ಪ್ರತಿಶತ ತಪ್ಪು. ಆದರೆ X 77.7ರಿಂದ 77.2ಕ್ಕೆ ಮಾತ್ರ ಇಳಿಯುತ್ತದೆ, ಒಂದು ಪ್ರತಿಶತವೂ ಅಲ್ಲ. R ಚಿಕ್ಕದು, Z ದೊಡ್ಡದು, ವರ್ಗ ಮಾಡಿದಾಗ ಅಂತರ ಇನ್ನೂ ಹೆಚ್ಚುತ್ತದೆ: 6400ರಿಂದ ಕಳೆಯುವುದು 369 ಆದರೇನು, 446 ಆದರೇನು. ಅಂದರೆ ಇಂಥ ಕಡಿಮೆ ಪವರ್ ಫ್ಯಾಕ್ಟರಿನ ಕಾಯಿಲಿನಲ್ಲಿ Lನ ಭಾರವೆಲ್ಲ ವೋಲ್ಟ್‌ಮೀಟರ್ ಮತ್ತು ಅಮ್ಮೀಟರ್ ಮೇಲಿದೆ. ವ್ಯಾಟ್‌ಮೀಟರಿನ ಭಾರ R ಮೇಲಿದೆ.

ಅಮ್ಮೀಟರ್ ಎರಡೂ ಕಡೆ ಕೈ ಹಾಕುತ್ತದೆ. Rನ ಲೆಕ್ಕದಲ್ಲಿ ಕರೆಂಟಿನ ವರ್ಗ ಇರುವುದರಿಂದ ಅದರ ತಪ್ಪು ಅಲ್ಲಿ ಇಮ್ಮಡಿಯಾಗುತ್ತದೆ. ಕ್ಲಾಸ್ 1.0ರ 5 ಆಂಪಿಯರ್ ಅಮ್ಮೀಟರಿಗೆ ಅನುಮತಿ ಇರುವ ತಪ್ಪು ಪೂರ್ಣ ಅಳತೆಯ 1 ಪ್ರತಿಶತ, ಅಂದರೆ 0.05 ಆಂಪಿಯರ್. ಅದು ನಿನ್ನ 2.5 ಆಂಪಿಯರಿನಲ್ಲಿ 2 ಪ್ರತಿಶತ, R ಮೇಲೆ 4 ಪ್ರತಿಶತ. ವ್ಯಾಟ್‌ಮೀಟರಿನ 2 ಪ್ರತಿಶತ ಸೇರಿಸಿದರೆ R ಮೇಲೆ 6 ಪ್ರತಿಶತದ ತನಕ ಅನುಮಾನ ಉಳಿಯುತ್ತದೆ. ಹೀಗಿರುವಾಗ ಕ್ಯಾಲ್ಕುಲೇಟರ್ ಕೊಟ್ಟ 0.24721 ಹೆನ್ರಿಯನ್ನು ಐದು ಅಂಕಿ ಸಮೇತ ಬರೆಯುವುದರಲ್ಲಿ ಅರ್ಥವಿಲ್ಲ, 0.25 ಎಂದರೆ ಸಾಕು. ಆದಷ್ಟು ಸೂಜಿ ಅಳತೆಯ ಮೇಲಿನ ಅರ್ಧದಲ್ಲಿ ನಿಲ್ಲುವಂಥ ರೇಂಜ್ ಆರಿಸಿಕೊ. ನಿನ್ನ ಪ್ರಯೋಗದಲ್ಲಿ ಮೂರು ಮೀಟರುಗಳ ಪೈಕಿ ಮೊದಲು ಬದಲಿಸಬೇಕಾದದ್ದು ಈ ಅಮ್ಮೀಟರ್. 3 ಆಂಪಿಯರಿನದು ಸಿಕ್ಕರೆ ಒಳ್ಳೆಯದು.

ಇದೇ ವಿಧಾನವನ್ನು ಹೆಚ್ಚು ಪವರ್ ಫ್ಯಾಕ್ಟರ್ ಇರುವ ಲೋಡಿಗೆ ಹಚ್ಚಿದರೆ ಚಿತ್ರ ತಿರುವುಮುರುವು. ಅದೇ 200 ವೋಲ್ಟ್, 2.5 ಆಂಪಿಯರ್, ಆದರೆ ಈಗ 480 ವ್ಯಾಟ್. ಮೀಟರ್ ಸಹಜವಾಗಿ ಯೂನಿಟಿ ಪವರ್ ಫ್ಯಾಕ್ಟರಿನದೇ ಬೇಕು, ಇಲ್ಲವಾದರೆ ಸೂಜಿ 250 ವ್ಯಾಟಿಗೇ ಕೊನೆ ಮುಟ್ಟುತ್ತದೆ. R 76.8 ಓಮ್, X 22.4 ಓಮ್ ಬರುತ್ತದೆ. ವ್ಯಾಟ್‌ಮೀಟರ್ ಬರೀ 2 ಪ್ರತಿಶತ ಹೆಚ್ಚು ತೋರಿಸಿದರೆ R 78.3 ಆಗುತ್ತದೆ, ಆದರೆ X 16.2ಕ್ಕೆ ಕುಸಿಯುತ್ತದೆ. 2 ಪ್ರತಿಶತದ ತಪ್ಪಿಗೆ L ಕಾಲು ಭಾಗಕ್ಕಿಂತ ಹೆಚ್ಚು ಕಳೆದುಕೊಂಡಿತು. ಹೆಚ್ಚುಕಡಿಮೆ ಸಮವಾದ ಎರಡು ದೊಡ್ಡ ಸಂಖ್ಯೆಗಳನ್ನು ಒಂದರಿಂದೊಂದು ಕಳೆಯುವಾಗ ಹೀಗೇ ಆಗುವುದು. ಪವರ್ ಫ್ಯಾಕ್ಟರ್ 0.9 ದಾಟಿದ ಲೋಡಿನ ಇಂಡಕ್ಟನ್ಸನ್ನು ಈ ಮೂರು ಮೀಟರುಗಳಿಂದ ತೆಗೆದರೆ ನಾನು ಆ ಅಂಕಿಯನ್ನು ನಂಬುವುದಿಲ್ಲ.

ಇನ್ನೊಂದು ಮಿತಿ. ಈ ಮೂರೂ ಮೀಟರುಗಳಿಗೆ ಕರೆಂಟ್ ವೋಲ್ಟೇಜಿಗಿಂತ ಹಿಂದಿದೆಯೋ ಮುಂದಿದೆಯೋ ತಿಳಿಯದು. ವರ್ಗಮೂಲದಿಂದ ಬಂದ 77.7 ಓಮ್ ಇಂಡಕ್ಟನ್ಸಿನದೂ ಆಗಬಹುದು, ಕೆಪಾಸಿಟರಿನದೂ ಆಗಬಹುದು. ಕಣ್ಣೆದುರು ಚೋಕ್ ಕಾಯಿಲ್ ಇದ್ದಾಗ ಈ ಅನುಮಾನ ಬರುವುದಿಲ್ಲ. ಆದರೆ ವೈವಾದಲ್ಲಿ ಮುಚ್ಚಿದ ಡಬ್ಬಿ ಕೊಟ್ಟು ‘ಒಳಗೇನಿದೆ ಹೇಳು’ ಎಂದರೆ? ಫ್ಯಾನಿಗೆ, ಮೋಟಾರಿಗೆ ಹಾಕುವ 440 ವೋಲ್ಟಿನ 4 ಮೈಕ್ರೋಫ್ಯಾರಡ್ ಕೆಪಾಸಿಟರನ್ನು, ಸಪ್ಲೈ ಆಫ್ ಇರುವಾಗ, ಡಬ್ಬಿಗೆ ಪ್ಯಾರಲಲ್ ಆಗಿ ಹಚ್ಚಿ ಅದೇ ವೋಲ್ಟೇಜಿಗೆ ಬಾ. ನಿನ್ನ ಕಾಯಿಲಾಗಿದ್ದರೆ ಅಮ್ಮೀಟರ್ 2.5ರಿಂದ ಸುಮಾರು 2.26ಕ್ಕೆ ಇಳಿಯುತ್ತದೆ, ವ್ಯಾಟ್ ಇದ್ದಲ್ಲೇ ಇರುತ್ತದೆ. ಕರೆಂಟ್ ಏರಿದರೆ ಒಳಗಿರುವುದು ಕೆಪಾಸಿಟರ್. ಹಚ್ಚುವ ಕೆಪಾಸಿಟರ್ ಚಿಕ್ಕದಿರಬೇಕು. ದೊಡ್ಡದಾದರೆ ಇಂಡಕ್ಟನ್ಸನ್ನೇ ಮೀರಿ, ಇಳಿಯಬೇಕಾದ ಕರೆಂಟ್ ಏರಿ, ಉತ್ತರ ಉಲ್ಟಾ ಆಗುತ್ತದೆ. ಕೊನೆಗೆ ಕೆಪಾಸಿಟರನ್ನು ಬಲ್ಬೋ ರೆಸಿಸ್ಟರೋ ಹಚ್ಚಿ ಡಿಸ್ಚಾರ್ಜ್ ಮಾಡಿಯೇ ಕೈಯಲ್ಲಿ ಹಿಡಿ.

ಕಬ್ಬಿಣದ ಕೋರಿನ ಕಾಯಿಲಿಗೆ ಒಂದೇ L ಇಲ್ಲ ಎಂಬುದನ್ನೂ ನೋಡಿಬಿಡು. 100, 150, 200, 230 ವೋಲ್ಟಿನಲ್ಲಿ ರೀಡಿಂಗ್ ತೆಗೆದು ಪ್ರತಿ ಸಲ Z ಲೆಕ್ಕ ಹಾಕು. ಕೋರ್ ತುಂಬಿಕೊಳ್ಳುವ ತನಕ Z ಹೆಚ್ಚು ಬದಲಾಗುವುದಿಲ್ಲ. ಆಮೇಲೆ ವೋಲ್ಟೇಜ್ ಸ್ವಲ್ಪ ಏರಿದರೂ ಕರೆಂಟ್ ಜಿಗಿಯುತ್ತದೆ. 230 ವೋಲ್ಟಿನಲ್ಲಿ 3.2 ಆಂಪಿಯರ್ ಬಂದರೆ Z 72 ಓಮಿಗೆ ಇಳಿಯಿತು, ಜೊತೆಗೆ L ಕೂಡ ಇಳಿಯಿತು. ಅಲ್ಲಿ ಕರೆಂಟಿನ ಅಲೆ ಸೈನ್ ಆಕಾರದಲ್ಲಿ ಉಳಿದಿರುವುದಿಲ್ಲ, ಚೂಪಾಗಿರುತ್ತದೆ. ಹಾಗಾಗಿ ಸರಾಸರಿ ನೋಡಿ ಆರ್‌ಎಂಎಸ್ ಎಂದು ತೋರಿಸುವ ಅಗ್ಗದ ಡಿಜಿಟಲ್ ಮೀಟರ್ ಕಡಿಮೆ ಹೇಳುತ್ತದೆ. ಮೂವಿಂಗ್ ಐರನ್ ಮೀಟರ್ ಅಲ್ಲಿ ಹೆಚ್ಚು ನಂಬಿಕಸ್ಥ. L ಬರೆದಲ್ಲೆಲ್ಲ ಅದು ಎಷ್ಟು ಕರೆಂಟಿನದು ಎಂದು ಪಕ್ಕದಲ್ಲಿ ಬರೆ.

ಇನ್ನು ಕಾಕಾನ ಅಂಗಡಿಯ ಮೋಟಾರ್. ಓಡುತ್ತಿರುವ ಮೋಟಾರಿಗೆ ಈ ಮೂರು ಮೀಟರ್ ಹಚ್ಚಿ W / I² ತೆಗೆಯಲು ಬರುತ್ತದೆ, ಒಂದು ಅಂಕಿಯೂ ಬರುತ್ತದೆ. ಆದರೆ ಅದು ವೈಂಡಿಂಗಿನ ರೋಧವಲ್ಲ. ಹಿಟ್ಟಿನ ಗಿರಣಿಯ ಮೋಟಾರ್ ಎಳೆಯುವ ವ್ಯಾಟಿನಲ್ಲಿ ಹೆಚ್ಚಿನದು ಜೋಳ ಬೀಸುವುದಕ್ಕೆ ಹೋಗುತ್ತದೆ. ಕಾಳು ಹಾಕಿದಾಗ ಒಂದು R, ಖಾಲಿ ತಿರುಗುವಾಗ ಇನ್ನೊಂದು R ಬರುತ್ತದೆ. ವೈಂಡಿಂಗ್ ಮಾತ್ರ ಅದೇ. ಸಪ್ಲೈಗೆ ಆ ಮೋಟಾರ್ ಆ ಕ್ಷಣ ಎಂಥ ಲೋಡಾಗಿ ಕಾಣುತ್ತದೆ ಎಂದು ತಿಳಿಯುವುದಕ್ಕೆ, ಅಂದರೆ ಕೆಪಾಸಿಟರ್ ಆರಿಸುವುದಕ್ಕೋ ಕೇಬಲ್ ಲೆಕ್ಕಕ್ಕೋ, ಆ ಅಂಕಿ ಸರಿ. ಸುತ್ತಿದ ವೈಂಡಿಂಗ್ ಪರೀಕ್ಷಿಸಲು ಅಲ್ಲ.

ಅದಕ್ಕೆ ಬೇಕಾದದ್ದು ರೋಟರ್ ತಿರುಗದಂತೆ ಹಿಡಿದು ಮಾಡುವ ಪರೀಕ್ಷೆ. ಸ್ಟಾರ್ಟಿಂಗ್ ವೈಂಡಿಂಗನ್ನೂ ಕೆಪಾಸಿಟರನ್ನೂ ಬಿಚ್ಚಿ, ಮೇನ್ ವೈಂಡಿಂಗಿಗೆ ಡಿಮ್ಮರ್‌ಸ್ಟಾಟಿನಿಂದ ಸೊನ್ನೆಯಿಂದ ಶುರು ಮಾಡಿ, ನೇಮ್‌ಪ್ಲೇಟಿನ ಕರೆಂಟ್ ಬರುವ ತನಕ ಮಾತ್ರ ವೋಲ್ಟೇಜ್ ಏರಿಸಬೇಕು. ಪೂರ್ತಿ 230 ಕೊಟ್ಟರೆ ಕರೆಂಟ್ ಹಲವು ಪಟ್ಟು ಹೋಗಿ ಹೊಸ ವೈಂಡಿಂಗ್ ಸುಟ್ಟೀತು. ಇಲ್ಲಿ ಪವರ್ ಫ್ಯಾಕ್ಟರ್ 0.2ಕ್ಕಿಂತ ಸಾಕಷ್ಟು ಮೇಲಿರುವುದರಿಂದ ಯೂನಿಟಿ ಪವರ್ ಫ್ಯಾಕ್ಟರಿನ ವ್ಯಾಟ್‌ಮೀಟರ್ ಹಚ್ಚು. ಸಿಗುವ R ಮತ್ತು X ಸ್ಟೇಟರ್, ರೋಟರ್ ಎರಡರದ್ದೂ ಸೇರಿದ್ದು. ಮಲ್ಟಿಮೀಟರಿನಿಂದ ಅಳೆದ ಸ್ಟೇಟರ್ ರೋಧವನ್ನು, ಬಿಸಿಗೆ ಸರಿಪಡಿಸಿ, ಅದರಿಂದ ಕಳೆದರೆ ಉಳಿದದ್ದು ಹೆಚ್ಚಾಗಿ ರೋಟರಿನ ಪಾಲು. ಮೀಟರುಗಳನ್ನು ಮೊದಲೇ ಸರಿಯಾದ ರೇಂಜಿಗೆ ಇಟ್ಟುಕೊಂಡು, ಒಬ್ಬರು ಶಾಫ್ಟ್ ಗಟ್ಟಿ ಕಟ್ಟಿದ್ದನ್ನು ನೋಡಿಕೊಳ್ಳುವಾಗ ಇನ್ನೊಬ್ಬರು ರೀಡಿಂಗ್ ಬರೆದು ಬೇಗ ಆಫ್ ಮಾಡಿ. ನಿಂತ ಮೋಟಾರಿಗೆ ಫ್ಯಾನಿನ ಗಾಳಿ ಇಲ್ಲದ್ದರಿಂದ ಅದು ನಿಮಿಷದೊಳಗೆ ಬಿಸಿಯೇರುತ್ತದೆ, ಆ ಬಿಸಿ ನಿನ್ನ Rನಲ್ಲೂ ಕಾಣುತ್ತದೆ.